ಎಂಡ್ ಸ್ಕ್ರೀನ್‌ನಲ್ಲಿ ವಿಡಿಯೊ ಇಡಬೇಕಾ, ಪ್ಲೇಲಿಸ್ಟ್ ಇಡಬೇಕಾ? ಎರಡು ಚಾನೆಲ್‌ಗಳ ಲೆಕ್ಕ

ಮೈಸೂರಿನ ಸರಸ್ವತಿಪುರಂನ ಒಂದು ಸಣ್ಣ ಕೋಣೆಯಲ್ಲಿ ಕೂತು ನಾನು ಬೇರೆಯವರ ಯೂಟ್ಯೂಬ್ ವಿಡಿಯೊ ಎಡಿಟ್ ಮಾಡುತ್ತೇನೆ. ಅದರಲ್ಲಿ ಎರಡು ಚಾನೆಲ್‌ಗಳ ಅಂಕಿಅಂಶವನ್ನೂ ನಾನೇ ನೋಡಿಕೊಳ್ಳುತ್ತೇನೆ. ಒಂದು ಪಾಂಡವಪುರದ ಕಡೆಯ ಗೆಳೆಯನದು. ಅವನದು ಪೂರ್ತಿ ಕಬ್ಬು: ನಾಟಿ, ಹುಳ, ಗೊಬ್ಬರ, ಆಲೆಮನೆ. ಇನ್ನೊಂದು ನಿವೃತ್ತ ಮೇಷ್ಟ್ರೊಬ್ಬರದು. ಅವರು ಮೈಸೂರು ಸೀಮೆಯ ಹಳೆಯ ಸಂಗತಿಗಳನ್ನು ಕಂತು ಕಂತಾಗಿ ಹೇಳುತ್ತಾರೆ. ತಮಾಷೆ ಅಂದರೆ ಇಬ್ಬರ ಬಂಡವಾಳವೂ ಕನ್ನಂಬಾಡಿ ಕಟ್ಟೆಯೇ. ಇವನು ಅದರ ನೀರಲ್ಲಿ ಕಬ್ಬು ಬೆಳೆಯುತ್ತಾನೆ, ಅವರು ಅದನ್ನು ಕಟ್ಟಿದ ಕತೆ ಹೇಳುತ್ತಾರೆ.

ಇಬ್ಬರೂ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ. ವಿಡಿಯೊ ಮುಗಿಯುವಾಗ ಪರದೆ ಮೇಲೆ ಏನು ತೋರಿಸಬೇಕು? ನಾವೇ ಆರಿಸಿದ ಒಂದು ವಿಡಿಯೊನಾ, ಇಡೀ ಪ್ಲೇಲಿಸ್ಟಾ, ಅಥವಾ ಯೂಟ್ಯೂಬೇ ಆರಿಸಲಿ ಅಂತ ಬಿಡಬೇಕಾ? ಇಬ್ಬರಿಗೂ ನಾನು ಕೊಟ್ಟ ಉತ್ತರ ಬೇರೆ ಬೇರೆ. ಯಾಕೆ ಬೇರೆ ಅನ್ನುವುದನ್ನು ಲೆಕ್ಕದ ಸಮೇತ ಇಲ್ಲಿ ಬರೆದಿದ್ದೇನೆ. ಓದಲು ಸುಲಭವಾಗಲಿ ಎಂದು ಸಂಖ್ಯೆಗಳನ್ನು ದುಂಡಗೆ ಮಾಡಿದ್ದೇನೆ.

ಮೊದಲು, ಜನ ಯಾವ ಬಾಗಿಲಿಂದ ಬರುತ್ತಾರೆ?

ಎಂಡ್ ಸ್ಕ್ರೀನ್ ಬಗ್ಗೆ ಯೋಚಿಸುವ ಮುಂಚೆ ನೋಡುವವರು ನಿಮ್ಮ ಚಾನೆಲ್ ಒಳಗೆ ಹೇಗೆ ಕಾಲಿಟ್ಟರು ಅಂತ ತಿಳಿಯಬೇಕು. ಇದಕ್ಕೆ ಸೆಷನ್ ಶುರು ಅನ್ನುತ್ತಾರೆ. ಆದರೆ ಯೂಟ್ಯೂಬ್ ಸ್ಟುಡಿಯೊದಲ್ಲಿ ಎಲ್ಲಿ ಹುಡುಕಿದರೂ ಆ ಹೆಸರಿನ ಕಾಲಂ ಸಿಗುವುದಿಲ್ಲ. ನಾವೇ ಲೆಕ್ಕ ಹಾಕಿಕೊಳ್ಳಬೇಕು.

ಹೇಗೆ ಅಂದರೆ, ಅನಾಲಿಟಿಕ್ಸ್‌ನ ಸುಧಾರಿತ ನೋಟಕ್ಕೆ ಹೋಗಿ `Traffic source` ತೆಗೆಯಿರಿ. ಅವಧಿ 28 ದಿನ ಇರಲಿ. ಮರೆಯದೆ ಶಾರ್ಟ್ಸ್ ಬಿಟ್ಟು ಬರೀ ವಿಡಿಯೊಗಳಿಗೆ ಫಿಲ್ಟರ್ ಹಾಕಿ. ಶಾರ್ಟ್ಸ್‌ಗೆ ಎಂಡ್ ಸ್ಕ್ರೀನೇ ಇಲ್ಲ, ಅದರ ವ್ಯೂಸ್ ಒಳಗೆ ಸೇರಿದರೆ ಮುಂದಿನ ಲೆಕ್ಕ ಎಲ್ಲ ಕೆಡುತ್ತದೆ. ಈಗ ಬಂದ ಸಾಲುಗಳನ್ನು ಎರಡು ಗುಂಪು ಮಾಡಿ.

ಹೊರಗಿಂದ ಬಂದವರು ಒಂದು ಗುಂಪು: ಹುಡುಕಿ ಬಂದವರು, ಹೋಮ್ ಪುಟದಿಂದ ಬಂದವರು, ವಾಟ್ಸಾಪ್‌ನಂಥ ಹೊರಗಿನ ಲಿಂಕ್ ಒತ್ತಿದವರು, ನೋಟಿಫಿಕೇಶನ್ ನೋಡಿ ಬಂದವರು, ಎಲ್ಲಿಂದ ಅಂತ ಗೊತ್ತಿಲ್ಲದವರು. ನಮ್ಮ ಒಳಗೇ ಓಡಾಡಿದವರು ಇನ್ನೊಂದು ಗುಂಪು: ಎಂಡ್ ಸ್ಕ್ರೀನ್, ಪ್ಲೇಲಿಸ್ಟ್, ನಮ್ಮ ಚಾನೆಲ್ ಪುಟ.

`Suggested videos` ಅನ್ನುವ ಸಾಲು ಮಾತ್ರ ಎರಡೂ ಕಡೆ ಕಾಲಿಟ್ಟಿರುತ್ತದೆ. ಅದನ್ನು ಒತ್ತಿ ಒಳಗೆ ನೋಡಿ. ಯಾವ ವಿಡಿಯೊ ನೋಡುತ್ತಿದ್ದವರು ನಿಮ್ಮ ಕಡೆ ಬಂದರು ಅನ್ನುವ ಪಟ್ಟಿ ಬರುತ್ತದೆ. ಬೇರೆಯವರ ವಿಡಿಯೊದಿಂದ ಬಂದಿದ್ದರೆ ಹೊರಗಿನ ಗುಂಪಿಗೆ, ನಮ್ಮದೇ ವಿಡಿಯೊದಿಂದ ಬಂದಿದ್ದರೆ ಒಳಗಿನ ಗುಂಪಿಗೆ ಹಾಕಿ. ವಿಡಿಯೊ ಕೆಳಗಿನ ವಿವರಣೆಯಲ್ಲಿ ನೀವು ಹಾಕಿದ ಲಿಂಕ್ ಒತ್ತಿ ಬಂದವರೂ ಇದೇ ಸಾಲಿನಲ್ಲಿ ಎಣಿಕೆಯಾಗುತ್ತಾರೆ ಅನ್ನುವುದು ನೆನಪಿರಲಿ. ಪ್ಲೇಲಿಸ್ಟ್ ಸಾಲಿನಲ್ಲೂ ಒಂದು ಮೋಸ ಇದೆ. ಅದರಲ್ಲಿ ನಿಮ್ಮ ಪ್ಲೇಲಿಸ್ಟ್ ಮಾತ್ರ ಅಲ್ಲ, ಬೇರೆ ಯಾರೋ ಮಾಡಿಕೊಂಡ ಪ್ಲೇಲಿಸ್ಟ್‌ಗಳೂ, ಜನ ಲೈಕ್ ಒತ್ತಿದ ವಿಡಿಯೊಗಳ ಪಟ್ಟಿಯೂ ಸೇರಿರುತ್ತವೆ. ಅದನ್ನೂ ಒಳಗೆ ತೆರೆದು ನೋಡಿ ಬೇರೆ ಮಾಡಬೇಕು.

ಇಷ್ಟಾದ ಮೇಲೆ ಒಂದು ಭಾಗಾಕಾರ:

```
ಆಳ = ಒಟ್ಟು ವ್ಯೂಸ್ ÷ ಹೊರಗಿಂದ ಬಂದ ವ್ಯೂಸ್
```

ಗೆಳೆಯನ ಕಬ್ಬಿನ ಚಾನೆಲ್‌ನಲ್ಲಿ 28 ದಿನಕ್ಕೆ 40,000 ವ್ಯೂಸ್. ಅದರಲ್ಲಿ 36,000 ಹೊರಗಿಂದ. ಭಾಗಿಸಿದರೆ 1.1. ಅಂದರೆ ಹತ್ತು ಜನ ಬಾಗಿಲು ತೆಗೆದು ಬಂದರೆ ಒಟ್ಟು ನೋಡುವುದು ಹನ್ನೊಂದು ವಿಡಿಯೊ. ಮೇಷ್ಟ್ರ ಚಾನೆಲ್‌ನಲ್ಲಿ 20,000 ವ್ಯೂಸ್, ಹೊರಗಿಂದ ಬಂದದ್ದು 9,000. ಆಳ 2.2. ವ್ಯೂಸ್ ಅರ್ಧ, ಆಳ ಎರಡು ಪಟ್ಟು.

ಈ ಲೆಕ್ಕ ಕರಾರುವಾಕ್ಕು ಅಂತ ನಾನು ಹೇಳುವುದಿಲ್ಲ. ಒಬ್ಬ ಮನುಷ್ಯ ಒಂದು ವಿಡಿಯೊ ನೋಡಿ, ಹೋಮ್ ಪುಟಕ್ಕೆ ವಾಪಸ್ ಹೋಗಿ, ಅಲ್ಲಿ ಕಂಡ ನಮ್ಮದೇ ಇನ್ನೊಂದು ವಿಡಿಯೊ ಒತ್ತಿದರೆ ಅದು ಹೊರಗಿನ ಗುಂಪಿಗೆ ಬೀಳುತ್ತದೆ. ಆದರೆ ಆ ತಪ್ಪು ಈ ತಿಂಗಳೂ ಇರುತ್ತದೆ, ಮುಂದಿನ ತಿಂಗಳೂ ಇರುತ್ತದೆ. ನಮ್ಮ ಚಾನೆಲನ್ನು ನಮ್ಮದರ ಜೊತೆಗೇ ಹೋಲಿಸುವಾಗ ಅದು ಅಷ್ಟು ತೊಂದರೆ ಕೊಡುವುದಿಲ್ಲ.

ಬಾಗಿಲು ಯಾವುದು ಅನ್ನುವುದರಲ್ಲೇ ಅರ್ಧ ಉತ್ತರ ಇದೆ. ಗೆಳೆಯನಿಗೆ ಬರುವವರಲ್ಲಿ ಹೆಚ್ಚಿನವರು ಹುಡುಕಿ ಬರುವವರು. ಮುಂಗಾರು ಮಳೆ ಬಿದ್ದ ಮೇಲೆ ಗೊಣ್ಣೆ ಹುಳುವಿನ ವಿಡಿಯೊ ಒಂದೇ ಸಮ ಏರುತ್ತದೆ. ಗದ್ದೆಯಲ್ಲಿ ಕಬ್ಬು ಒಣಗುತ್ತಿದೆ, ಕಿತ್ತು ನೋಡಿದರೆ ಬೇರಲ್ಲಿ ಬೆಳ್ಳಗಿನ ಹುಳು. ಆ ಮನುಷ್ಯ ಒಂದು ಪ್ರಶ್ನೆ ಹಿಡಿದುಕೊಂಡು ಬಂದಿದ್ದಾನೆ, ಉತ್ತರ ಸಿಕ್ಕಿದ ಕೂಡಲೇ ಹೊರಡುತ್ತಾನೆ. ಮೇಷ್ಟ್ರ ಕಡೆಗೆ ಬರುವವರು ರಾತ್ರಿ ಊಟ ಮುಗಿಸಿ ಹೋಮ್ ಪುಟ ಸರಿಸುತ್ತಾ ಸಿಕ್ಕಿದವರು. ಅವರಿಗೆ ಅವಸರ ಇಲ್ಲ.

ಕ್ಲಿಕ್ ಎಣಿಸುವಾಗ ಯಾವುದರಿಂದ ಭಾಗಿಸಬೇಕು?

ಗೆಳೆಯ ಒಂದು ದಿನ ಫೋನ್ ಮಾಡಿ, "ಏನಣ್ಣ, ಹತ್ತು ಸಾವಿರ ವ್ಯೂಸ್‌ಗೆ ನೂರೈವತ್ತು ಕ್ಲಿಕ್ಕೂ ಬರ್ತಿಲ್ವಲ್ಲ, ಎಂಡ್ ಸ್ಕ್ರೀನ್ ದಂಡ ಕಣಣ್ಣ" ಅಂದ. ಅವನು ಒಟ್ಟು ವ್ಯೂಸ್‌ನಿಂದ ಭಾಗಿಸುತ್ತಿದ್ದ. ಅದು ತಪ್ಪು.

ಎಂಡ್ ಸ್ಕ್ರೀನ್ ಬರುವುದು ವಿಡಿಯೊದ ಕೊನೆಯ 5ರಿಂದ 20 ಸೆಕೆಂಡಿನಲ್ಲಿ. ಅಲ್ಲಿಯವರೆಗೆ ಉಳಿದವರಿಗೆ ಮಾತ್ರ ಅದು ಕಾಣುತ್ತದೆ. ಹಾಗಾಗಿ ನೋಡಬೇಕಾದ ಕಾಲಂ ಮೂರು: ಎಷ್ಟು ಸಲ ತೋರಿಸಿತು (`End screen elements shown`), ಎಷ್ಟು ಸಲ ಒತ್ತಿದರು (`End screen element clicks`), ಮತ್ತು ಇವೆರಡರ ಶೇಕಡಾ. ವಿಡಿಯೊದ ಮುಖಚಿತ್ರಕ್ಕೆ ಬರುವ ಇಂಪ್ರೆಶನ್ ಲೆಕ್ಕದಲ್ಲಿ ಎಂಡ್ ಸ್ಕ್ರೀನ್ ಸೇರುವುದೇ ಇಲ್ಲ, ಆ ಶೇಕಡಾ ಜೊತೆ ಇದನ್ನು ಹೋಲಿಸಲು ಹೋಗಬೇಡಿ.

ಗೊಣ್ಣೆ ಹುಳುವಿನ ವಿಡಿಯೊಗೆ 10,000 ವ್ಯೂಸ್ ಇದ್ದರೂ ಎಂಡ್ ಸ್ಕ್ರೀನ್ ಕಂಡದ್ದು 2,400 ಸಲ ಮಾತ್ರ. ಪ್ರೇಕ್ಷಕರು ಎಲ್ಲಿಯವರೆಗೆ ಉಳಿದರು ಅನ್ನುವ ಗೆರೆ ತೆಗೆದು ನೋಡಿದೆ. ಕೊನೆಯ ಅರ್ಧ ನಿಮಿಷದ ಮುಂಚೆ ನೂರಕ್ಕೆ 41 ಜನ ಇದ್ದರು. "ಸರಿ ಸ್ನೇಹಿತರೇ, ಇವತ್ತಿನ ವಿಡಿಯೊ ಇಷ್ಟೇ" ಅಂದ ತಕ್ಷಣ ಗೆರೆ ಜಾರಿ 24ಕ್ಕೆ ಬಂದಿತ್ತು. ಆಮೇಲೆ ಇಪ್ಪತ್ತು ಸೆಕೆಂಡ್ ಸಂಗೀತ, ಅದರ ಮೇಲೆ ಎಂಡ್ ಸ್ಕ್ರೀನ್. ಖಾಲಿ ಸಭೆಗೆ ಭಾಷಣ ಮಾಡಿದ ಹಾಗೆ. ಇಂಥ ಕಡೆ ವಿಡಿಯೊ ಇಡಬೇಕಾ ಪ್ಲೇಲಿಸ್ಟ್ ಇಡಬೇಕಾ ಅನ್ನುವ ಚರ್ಚೆಗಿಂತ ಮುಂಚೆ ಮುಗಿಸುವ ಮಾತನ್ನು ಕತ್ತರಿಸುವುದು ಒಳ್ಳೆಯದು. ಔಷಧಿ ಪ್ರಮಾಣದ ಕೊನೆಯ ಮಾತು ಹೇಳುತ್ತಿರುವಾಗಲೇ ಎಂಡ್ ಸ್ಕ್ರೀನ್ ತೆರೆದುಕೊಳ್ಳಲಿ.

ಕೆಳಗೆ ಹೇಳುವ ಹೋಲಿಕೆ ಈ ತಿದ್ದುಪಡಿಗೆ ಮುಂಚಿನದು. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದಿಲ್ಲ.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವುದು

ಮುಖಚಿತ್ರಗಳನ್ನು ಒಂದರ ವಿರುದ್ಧ ಒಂದು ಪರೀಕ್ಷಿಸಲು ಸ್ಟುಡಿಯೊದಲ್ಲೇ ಅನುಕೂಲ ಇದೆ. ಎಂಡ್ ಸ್ಕ್ರೀನ್‌ಗೆ ಅಂಥದ್ದು ಇಲ್ಲ. ಒಂದು ತಿಂಗಳು ವಿಡಿಯೊ ಇಟ್ಟು, ಇನ್ನೊಂದು ತಿಂಗಳು ಪ್ಲೇಲಿಸ್ಟ್ ಇಟ್ಟು ಹೋಲಿಸಬಹುದು ಅಂತ ಮೊದಲು ನಾನೂ ಅಂದುಕೊಂಡೆ. ಆದರೆ ಬೇಸಾಯದ ಚಾನೆಲ್‌ನಲ್ಲಿ ಆ ಆಟ ನಡೆಯುವುದಿಲ್ಲ. ಮೇ ತಿಂಗಳಲ್ಲಿ ಗೊಣ್ಣೆ ಹುಳು ನೋಡುವವನು ಕುತೂಹಲಕ್ಕೆ ನೋಡುತ್ತಾನೆ, ಜುಲೈನಲ್ಲಿ ನೋಡುವವನು ಗಾಬರಿಯಲ್ಲಿ ನೋಡುತ್ತಾನೆ. ಜನರೇ ಬೇರೆ.

ಒಂದು ಎಂಡ್ ಸ್ಕ್ರೀನ್‌ನಲ್ಲಿ ನಾಲ್ಕು ಅಂಶಗಳವರೆಗೆ ಇಡಬಹುದು. ಹಾಗಾಗಿ ನಾನು ಎಡಕ್ಕೆ ಒಂದು ವಿಡಿಯೊ, ಬಲಕ್ಕೆ ಒಂದು ಪ್ಲೇಲಿಸ್ಟ್ ಇಟ್ಟೆ. ಎರಡೂ ಒಂದೇ ಹೊತ್ತಿಗೆ ಕಾಣಿಸಿ ಒಂದೇ ಹೊತ್ತಿಗೆ ಹೋಗಬೇಕು. 14 ದಿನ ಆದ ಮೇಲೆ ಎಡಬಲ ಅದಲುಬದಲು ಮಾಡಿದೆ, ಯಾಕೆಂದರೆ ಬೆರಳಿಗೆ ಹತ್ತಿರ ಇರುವ ಕಡೆಗೆ ಕ್ಲಿಕ್ ಜಾಸ್ತಿ ಬೀಳಬಹುದು. ಒಟ್ಟು 28 ದಿನದ ಲೆಕ್ಕ ತೆಗೆದೆ. ಹೀಗೆ ಮಾಡಿದರೆ ಮಳೆ, ಸುಗ್ಗಿ, ಹಬ್ಬ ಎಲ್ಲವೂ ಎರಡಕ್ಕೂ ಸಮ. ಒಂದು ಕೊರತೆ ಇದೆ: ಒಂದರ ಕ್ಲಿಕ್ಕನ್ನು ಇನ್ನೊಂದು ತಿನ್ನುತ್ತದೆ. ಒಂಟಿಯಾಗಿ ಇಟ್ಟರೆ ಎರಡಕ್ಕೂ ಸ್ವಲ್ಪ ಜಾಸ್ತಿ ಬರಬಹುದು. ಆದರೂ ಯಾವುದು ಮೇಲು ಅಂತ ತಿಳಿಯಲು ಇಷ್ಟು ಸಾಕು.

ಗೆಳೆಯನ ಗೊಣ್ಣೆ ಹುಳು ವಿಡಿಯೊದಲ್ಲಿ ಎರಡೂ ತಲಾ 2,400 ಸಲ ಕಂಡವು. ವಿಡಿಯೊ ಅಂದರೆ "ಕೂಳೆ ಕಬ್ಬಿನಲ್ಲಿ ಹುಳ ಬಾರದ ಹಾಗೆ ಏನು ಮಾಡಬೇಕು" ಅನ್ನುವುದು, ಅದಕ್ಕೆ 130 ಕ್ಲಿಕ್. "ಕಬ್ಬು ಬೇಸಾಯ ಪೂರ್ತಿ ಮಾಹಿತಿ" ಅನ್ನುವ ಪ್ಲೇಲಿಸ್ಟ್‌ಗೆ 48.

ಮೇಷ್ಟ್ರ ಕಟ್ಟೆಯ ಸರಣಿಯಲ್ಲಿ ಹತ್ತು ಕಂತು. 1909ರಲ್ಲಿ ವಿಶ್ವೇಶ್ವರಯ್ಯನವರು ಮೈಸೂರಿಗೆ ಮುಖ್ಯ ಎಂಜಿನಿಯರ್ ಆಗಿ ಬಂದಲ್ಲಿಂದ ಶುರು. 1911ರಲ್ಲಿ ಕೆಲಸ ಆರಂಭ, 1912ರಲ್ಲಿ ಅವರು ದಿವಾನರಾದದ್ದು, ಹೀಗೆ ಸಾಗುತ್ತದೆ. ಎಲ್ಲರೂ ನೋಡುವುದು ಮಾತ್ರ ನಾಲ್ಕನೇ ಕಂತು, ನೀರಲ್ಲಿ ಮುಳುಗಿದ ಹಳೆಯ ಕನ್ನಂಬಾಡಿಯದು. ಹೊರಗಿಂದ ಬಂದವರಲ್ಲಿ ಹೆಚ್ಚಿನವರು ಮೊದಲು ಕಾಲಿಡುವುದು ಅಲ್ಲಿಗೆ. ಅದಕ್ಕೇ ಪರೀಕ್ಷೆಯನ್ನೂ ಅಲ್ಲೇ ಮಾಡಿದೆ. 6,000 ವ್ಯೂಸ್, ಎಂಡ್ ಸ್ಕ್ರೀನ್ ಕಂಡದ್ದು 2,700 ಸಲ. ಐದನೇ ಕಂತಿನ ವಿಡಿಯೊಗೆ 189 ಕ್ಲಿಕ್, ಸರಣಿಯ ಪ್ಲೇಲಿಸ್ಟ್‌ಗೆ 94.

ಎರಡೂ ಕಡೆ ವಿಡಿಯೊನೇ ಗೆದ್ದಿತು ಅಲ್ವಾ? ಕ್ಲಿಕ್ ಮಾತ್ರ ನೋಡುವವರು ಇಲ್ಲಿಗೆ ನಿಲ್ಲಿಸಿ ಎಲ್ಲ ಕಡೆ ವಿಡಿಯೊ ಹಾಕುತ್ತಾರೆ. ಪ್ಲೇಲಿಸ್ಟ್‌ಗೆ ಕ್ಲಿಕ್ ಕಡಿಮೆ ಬರುವುದು ನಾನು ನೋಡಿದ ಮಟ್ಟಿಗೆ ಮಾಮೂಲು. "10 ವಿಡಿಯೊ" ಅಂತ ಕಂಡರೆ ಜನ ಹಿಂದೇಟು ಹಾಕುತ್ತಾರೆ. ಒಂದು ವಿಡಿಯೊ ಅಂದರೆ ಒಂದು ತುತ್ತು, ಪ್ಲೇಲಿಸ್ಟ್ ಅಂದರೆ ಎಲೆ ಹಾಕಿಸಿಕೊಂಡು ಕೂರುವುದು.

ಕ್ಲಿಕ್ ಆದ ಮೇಲೆ ಏನಾಗುತ್ತದೆ

ಪ್ಲೇಲಿಸ್ಟ್ ಒಳಗೆ ಹೋದವನಿಗೆ ಮುಂದಿನ ವಿಡಿಯೊ ತಾನೇ ಬರುತ್ತದೆ. ಅವನು ಮತ್ತೆ ಒತ್ತಬೇಕಾಗಿಲ್ಲ. ಒಂಟಿ ವಿಡಿಯೊಗೆ ಹೋದವನ ಮುಂದೆ ಯೂಟ್ಯೂಬ್ ಏನು ಹಾಕುತ್ತದೋ ಅದು, ಅದು ನಮ್ಮದೇ ಆಗಬೇಕೆಂದಿಲ್ಲ. ಹಾಗಾಗಿ ಒಂದು ಕ್ಲಿಕ್‌ನಿಂದ ಎಷ್ಟು ವಿಡಿಯೊ ನೋಡಿದರು ಅನ್ನುವುದನ್ನು ಎಣಿಸಬೇಕು.

ಪ್ಲೇಲಿಸ್ಟ್ ವರದಿಯಲ್ಲಿ `Views per playlist start` ಅನ್ನುವ ಕಾಲಂ ಇದೆ. ಒಂದು ಸಲ ಪ್ಲೇಲಿಸ್ಟ್ ಶುರು ಮಾಡಿದರೆ ಸರಾಸರಿ ಎಷ್ಟು ವ್ಯೂಸ್ ಬಂತು ಅನ್ನುವುದು ಅದು. ಗೆಳೆಯನ ಪ್ಲೇಲಿಸ್ಟ್‌ಗೆ 1.3. ಮೇಷ್ಟ್ರ ಸರಣಿಗೆ 3.4.

ವಿಡಿಯೊ ಕ್ಲಿಕ್‌ಗೆ ಅಂಥ ಕಾಲಂ ಇಲ್ಲ. ಕೈಲೆಕ್ಕ ಹಾಕಬೇಕು. ಹೋದ 130 ಜನರಲ್ಲಿ ಎರಡನೇ ವಿಡಿಯೊದ ಕೊನೆವರೆಗೆ ಉಳಿಯುವವರು ನೂರಕ್ಕೆ 24, ಅವರಲ್ಲಿ ಒತ್ತುವವರು ನೂರಕ್ಕೆ ಐದೂವರೆ ಅಂತ ಇಟ್ಟುಕೊಂಡರೆ ಸಿಗುವುದು ಇನ್ನು ಎರಡೇ ವ್ಯೂಸ್. ಎಂಡ್ ಸ್ಕ್ರೀನ್‌ನಿಂದ ಎಂಡ್ ಸ್ಕ್ರೀನ್‌ಗೆ ಸರಪಳಿ ಕಟ್ಟುತ್ತೇನೆ ಅನ್ನುವವರು ಈ ಗುಣಾಕಾರ ಒಮ್ಮೆ ಮಾಡಿ ನೋಡಿ, ಎರಡನೇ ಕೊಂಡಿಗೇ ಮುಗಿದುಹೋಗುತ್ತದೆ.

| | ಕಬ್ಬು: ವಿಡಿಯೊ | ಕಬ್ಬು: ಪ್ಲೇಲಿಸ್ಟ್ | ಕಟ್ಟೆ: ವಿಡಿಯೊ | ಕಟ್ಟೆ: ಪ್ಲೇಲಿಸ್ಟ್ |
|---|---|---|---|---|
| ಕಂಡದ್ದು | 2,400 | 2,400 | 2,700 | 2,700 |
| ಕ್ಲಿಕ್ | 130 | 48 | 189 | 94 |
| ಒಂದು ಕ್ಲಿಕ್‌ಗೆ ವ್ಯೂಸ್ | ಸುಮಾರು 1 | 1.3 | ಸುಮಾರು 1 | 3.4 |
| ಒಟ್ಟು ಬಂದ ವ್ಯೂಸ್ | 132 | 62 | 195 | 320 |

ಕಬ್ಬಿಗೆ ವಿಡಿಯೊ, ಕಟ್ಟೆಗೆ ಪ್ಲೇಲಿಸ್ಟ್. ನಾನು ಬೇರೆ ಬೇರೆ ಉತ್ತರ ಕೊಟ್ಟದ್ದು ಇದಕ್ಕೇ.

ಪ್ರತಿ ಸಲ ಇಷ್ಟು ಉದ್ದದ ಲೆಕ್ಕ ಬೇಡ ಅನ್ನುವವರಿಗೆ ಒಂದು ಅಡ್ಡದಾರಿ ಇದೆ. ವಿಡಿಯೊದ ಕ್ಲಿಕ್ಕನ್ನು ಪ್ಲೇಲಿಸ್ಟ್‌ನ ಕ್ಲಿಕ್‌ನಿಂದ ಭಾಗಿಸಿ. ಕಬ್ಬಿನಲ್ಲಿ 130ನ್ನು 48ರಿಂದ ಭಾಗಿಸಿದರೆ 2.7. ಕಟ್ಟೆಯಲ್ಲಿ 189ನ್ನು 94ರಿಂದ ಭಾಗಿಸಿದರೆ 2. ಪ್ಲೇಲಿಸ್ಟ್‌ನ ಒಂದು ಶುರುವಿಗೆ ಬರುವ ವ್ಯೂಸ್ ಈ ಸಂಖ್ಯೆಗಿಂತ ಜಾಸ್ತಿ ಇದ್ದರೆ ಪ್ಲೇಲಿಸ್ಟ್ ಇಡಿ, ಕಡಿಮೆ ಇದ್ದರೆ ವಿಡಿಯೊ ಇಡಿ. ಕಬ್ಬಿನ 1.3 ಆ 2.7ಕ್ಕೆ ಹತ್ತಿರವೂ ಇಲ್ಲ. ಮೇಷ್ಟ್ರ 3.4 ಸಲೀಸಾಗಿ 2ನ್ನು ದಾಟುತ್ತದೆ.

ಎರಡೂ ಸಂಖ್ಯೆ ಹತ್ತಿರ ಹತ್ತಿರ ಬಂದರೆ ಏನೂ ತೀರ್ಮಾನ ಮಾಡಬೇಡಿ. 48 ಕ್ಲಿಕ್ ಅನ್ನುವುದು ಏನೂ ಬದಲಿಸದಿದ್ದರೂ ಮುಂದಿನ ತಿಂಗಳು 40 ಆಗಬಹುದು, 56 ಆಗಬಹುದು. ಅಷ್ಟು ಏರಿಳಿತ ಸುಮ್ನೆ ಬರುತ್ತದೆ. ನೂರಾರು ಕ್ಲಿಕ್ ಸೇರುವವರೆಗೆ ಕಾಯಿರಿ, ಇಲ್ಲವೇ ಅಂತರ ಇಷ್ಟು ದೊಡ್ಡದಾಗಿರಬೇಕು.

3.4 ಅನ್ನುವುದನ್ನು ಎಷ್ಟು ನಂಬಬೇಕು?

ನನಗೆ ಹೆಚ್ಚು ಅನುಮಾನ ಹುಟ್ಟಿಸಿದ ಸಂಖ್ಯೆ ಇದೇ. ಅನುಮಾನಕ್ಕೆ ಎರಡು ಕಾರಣ ಇದ್ದವು.

ಒಂದು, ಆ 3.4 ಎಂಡ್ ಸ್ಕ್ರೀನ್‌ನಿಂದ ಹೋದವರದ್ದು ಮಾತ್ರ ಅಲ್ಲ. ಚಾನೆಲ್ ಪುಟಕ್ಕೇ ಬಂದು ಪ್ಲೇಲಿಸ್ಟ್ ಹಚ್ಚಿದವರೂ ಅದರಲ್ಲಿದ್ದಾರೆ. ಅವರು ಮೊದಲೇ ಮೇಷ್ಟ್ರ ಅಭಿಮಾನಿಗಳು, ಹತ್ತೂ ಕಂತು ನೋಡುವ ಪೈಕಿ. ಅವರಿಂದ ಸರಾಸರಿ ಏರಿರಬಹುದು. ಇದಕ್ಕೆ ನಾನು ಮಾಡಿದ ಉಪಾಯ ಸರಳ. ಅವೇ ಹತ್ತು ವಿಡಿಯೊಗಳ ಇನ್ನೊಂದು ಪ್ಲೇಲಿಸ್ಟ್ ಮಾಡಿದೆ, ಹೆಸರು ಸ್ವಲ್ಪ ಬೇರೆ. ಅದನ್ನು ಎಂಡ್ ಸ್ಕ್ರೀನ್ ಬಿಟ್ಟು ಬೇರೆಲ್ಲೂ ಬಳಸಲಿಲ್ಲ, ಚಾನೆಲ್‌ನ ಮುಖಪುಟದಲ್ಲೂ ಇಡಲಿಲ್ಲ. ಆ ಪ್ಲೇಲಿಸ್ಟ್‌ನ ಸಂಖ್ಯೆ 2.9 ಬಂತು. 3.4ಕ್ಕಿಂತ ಕಡಿಮೆ, ಆದರೂ 2ಕ್ಕಿಂತ ಜಾಸ್ತಿ. ತೀರ್ಮಾನ ಬದಲಾಗಲಿಲ್ಲ. ಬದಲಾಗುವಷ್ಟು ಹತ್ತಿರ ಇದ್ದ ಚಾನೆಲ್ ಆಗಿದ್ದರೆ ಈ ಪರೀಕ್ಷೆ ಇಲ್ಲದೆ ಮೋಸಹೋಗುತ್ತಿದ್ದೆ.

ಎರಡನೆಯದು, ತಾನೇ ಓಡುವ ವಿಡಿಯೊನ ಯಾರಾದರೂ ನೋಡುತ್ತಿದ್ದಾರಾ? ರಾತ್ರಿ ಹಚ್ಚಿಟ್ಟು ನಿದ್ದೆ ಹೋದವರ ಮನೆಯಲ್ಲೂ ಕಂತು ಓಡುತ್ತಲೇ ಇರುತ್ತದೆ. ಇಷ್ಟವಿಲ್ಲದವನು ಮುಂದಿನದು ಶುರುವಾದ ಕೂಡಲೇ ಎದ್ದುಹೋಗಿರುತ್ತಾನೆ. ವ್ಯೂಸ್ ಎರಡೂ ಕಡೆ ಬೀಳಬಹುದು, ಅರ್ಥ ಬೇರೆ. ಇದನ್ನು ಕಂಡುಹಿಡಿಯಲು ಆರನೇ ಕಂತನ್ನು ಮಾತ್ರ ತೆಗೆದುಕೊಂಡು, ಅದಕ್ಕೆ ಪ್ಲೇಲಿಸ್ಟ್‌ನಿಂದ ಬಂದವರು ಸರಾಸರಿ ಎಷ್ಟು ಹೊತ್ತು ನೋಡಿದರು, ಹೋಮ್ ಪುಟದಿಂದ ಬಂದವರು ಎಷ್ಟು ಹೊತ್ತು ನೋಡಿದರು ಅಂತ ಹೋಲಿಸಿದೆ. ಹದಿನಾಲ್ಕು ನಿಮಿಷದ ಕಂತು. ಹೋಮ್‌ನಿಂದ ಬಂದವರು ಐದು ನಿಮಿಷ, ಪ್ಲೇಲಿಸ್ಟ್‌ನಿಂದ ಬಂದವರು ಎಂಟು ನಿಮಿಷ. ಇದು ಆರೋಗ್ಯದ ಲಕ್ಷಣ. ಪ್ಲೇಲಿಸ್ಟ್‌ನಿಂದ ಬಂದವರು ಅರ್ಧ ನಿಮಿಷಕ್ಕೇ ಬಿಡುತ್ತಿದ್ದರೆ ಆ 3.4 ಬರೀ ತಾನೇ ಓಡಿದ ಚಕ್ರ ಅಂತ ತಿಳಿಯಬೇಕಿತ್ತು.

ಮೇಷ್ಟ್ರಿಗೆ ಈ ನಿದ್ದೆ ಮಾತು ಹೇಳಿದಾಗ ಅವರು ನಕ್ಕು, "ನನ್ನ ಪಾಠ ಕೇಳಿ ನಿದ್ದೆ ಹೋಗೋರು ಸ್ಕೂಲಿನಲ್ಲೂ ಇದ್ರು, ಬಿಡಿ" ಅಂದರು.

ಕಬ್ಬಿನ ಪ್ಲೇಲಿಸ್ಟ್ ಯಾಕೆ ಸೋತಿತು?

ಒಂದು ವಿಷಯ ನನಗೆ ತಡವಾಗಿ ಹೊಳೆಯಿತು. ಎಂಡ್ ಸ್ಕ್ರೀನ್‌ನಲ್ಲಿ ಪ್ಲೇಲಿಸ್ಟ್ ಒತ್ತಿದರೆ ಅದು ಶುರುವಾಗುವುದು ಪಟ್ಟಿಯ ಮೊದಲ ವಿಡಿಯೊದಿಂದ. ಗೆಳೆಯನ ಪಟ್ಟಿಯಲ್ಲಿ 34 ವಿಡಿಯೊ, ಮೊದಲನೆಯದು ಬಿತ್ತನೆ ತುಂಡು ಆರಿಸುವುದು ಹೇಗೆ. ಆಳೆತ್ತರ ಬೆಳೆದ ಕಬ್ಬಿಗೆ ಹುಳ ಬಿದ್ದು ಗಾಬರಿಯಲ್ಲಿರುವವನಿಗೆ ನಾವು ನಾಟಿ ಪಾಠ ಶುರು ಮಾಡುತ್ತಿದ್ದೆವು. ಅವನು ಓಡದೆ ಇನ್ನೇನು ಮಾಡುತ್ತಾನೆ?

ಮೇಷ್ಟ್ರ ಸರಣಿಯಲ್ಲಿ ಇದೇ ಗುಣ ವರವಾಯಿತು. ನಾಲ್ಕನೇ ಕಂತಿಗೆ ನೇರವಾಗಿ ಬಂದವನಿಗೆ, ಇದು ಹೇಗೆ ಶುರುವಾಯಿತು ಅನ್ನುವ ಕುತೂಹಲ ಇರುತ್ತದೆ. ಪ್ಲೇಲಿಸ್ಟ್ ಅವನನ್ನು 1909ಕ್ಕೆ ಕರೆದುಕೊಂಡು ಹೋಗುತ್ತದೆ. ಆದರೆ ಅದೇ ಪ್ಲೇಲಿಸ್ಟನ್ನು ಎಲ್ಲ ಕಂತಿನ ಕೊನೆಗೂ ಇಟ್ಟರೆ ತಪ್ಪಾಗುತ್ತದೆ. ಒಂದರಿಂದ ಕ್ರಮವಾಗಿ ನೋಡಿಕೊಂಡು ಏಳನೇ ಕಂತಿಗೆ ಬಂದವನು ಅದನ್ನು ಒತ್ತಿದರೆ ಮತ್ತೆ ಒಂದಕ್ಕೇ ಹೋಗಿ ಬೀಳುತ್ತಾನೆ. ಆದ್ದರಿಂದ ಹೊರಗಿನವರು ಜಾಸ್ತಿ ಕಾಲಿಡುವ ಕಂತಿಗೆ ಮಾತ್ರ ಪ್ಲೇಲಿಸ್ಟ್, ಮಿಕ್ಕ ಕಂತುಗಳಿಗೆ ಮುಂದಿನ ಕಂತಿನ ವಿಡಿಯೊ. ಯಾವ ಕಂತು ಬಾಗಿಲು ಅನ್ನುವುದು ಮೊದಲ ಲೆಕ್ಕದಲ್ಲೇ ಗೊತ್ತಾಗಿರುತ್ತದೆ, ಅದನ್ನು ವಿಡಿಯೊವಾರು ಮಾಡಿದರೆ ಸಾಕು.

ಕಬ್ಬಿನ 34ನ್ನು ಒಡೆದು ಸಣ್ಣ ಸಣ್ಣ ಪಟ್ಟಿ ಮಾಡಿದೆವು. ಹುಳ ಮತ್ತು ರೋಗಕ್ಕೆ ಆರು, ಕೂಳೆ ಬೆಳೆಗೆ ಐದು, ಆಲೆಮನೆಗೆ ನಾಲ್ಕು, ಹೀಗೆ. ವಿಡಿಯೊಗಳ ಕ್ರಮವನ್ನೂ ಕೈಯಿಂದಲೇ ಜೋಡಿಸಿದೆವು. ಮೊದಲು ಅದು ಅಪ್‌ಲೋಡ್ ಆದ ದಿನದ ಪ್ರಕಾರ ಇತ್ತು, ಅದಕ್ಕೂ ಬೆಳೆಯ ಹಂತಕ್ಕೂ ಸಂಬಂಧವೇ ಇರಲಿಲ್ಲ. ಹುಳದ ಪಟ್ಟಿಯ ಒಂದು ಶುರುವಿಗೆ ಬರುವ ವ್ಯೂಸ್ 1.9ಕ್ಕೆ ಏರಿತು. ಆದರೂ 2.7 ಮುಟ್ಟಲಿಲ್ಲ. ಎಂಡ್ ಸ್ಕ್ರೀನ್‌ನಲ್ಲಿ ವಿಡಿಯೊನೇ ಉಳಿಯಿತು.

ಪಟ್ಟಿ ಮಾಡಿದ್ದು ದಂಡವಾಯಿತಾ ಅಂತ ಗೆಳೆಯ ಕೇಳಿದ. ಆಗಲಿಲ್ಲ. ಅವನ ಇನ್ನೊಂದು ದೊಡ್ಡ ಬಾಗಿಲು ವಾಟ್ಸಾಪ್. ಸುತ್ತಮುತ್ತಲ ಊರುಗಳ ರೈತರ ಗುಂಪುಗಳಲ್ಲಿ ಲಿಂಕ್ ಓಡಾಡುತ್ತದೆ. ಅಲ್ಲಿ ಅವನು ಹಾಕುತ್ತಿದ್ದದ್ದು ಮೊದಲನೆಯ ತರಹದ ಲಿಂಕ್. ನಾನು ಎರಡನೆಯದು ಹಾಕಿಸಿದೆ:

```
https://www.youtube.com/watch?v=VIDEO_ID
https://www.youtube.com/watch?v=VIDEO_ID&list=PLAYLIST_ID
```

ಎರಡನೆಯದರಲ್ಲಿ ನೋಡುವವನು ತನಗೆ ಬೇಕಾದ ವಿಡಿಯೊದಿಂದಲೇ ಶುರು ಮಾಡುತ್ತಾನೆ, ಆದರೆ ಪ್ಲೇಲಿಸ್ಟ್ ಒಳಗೇ ಇರುತ್ತಾನೆ. ಗೊಣ್ಣೆ ಹುಳು ಮುಗಿದರೆ ಅದರ ಮುಂದಿನದು ತಾನೇ ಬರುತ್ತದೆ. ಮೊದಲ ವಿಡಿಯೊಗೆ ಎಳೆದುಕೊಂಡು ಹೋಗುವ ಪೀಡೆ ಇಲ್ಲ, ಎರಡನೇ ಕ್ಲಿಕ್‌ನ ಹಂಗೂ ಇಲ್ಲ. ವಿವರಣೆಯಲ್ಲಿ ಹಾಕುವ ಲಿಂಕಿಗೂ ಇದೇ ರೂಪ ಬಳಸಬಹುದು. ಇದನ್ನು ಶುರು ಮಾಡಿದ ದಿನವನ್ನು ಒಂದು ಕಡೆ ಬರೆದಿಡಿ. ಅಲ್ಲಿಂದಾಚೆಗೆ ಪ್ಲೇಲಿಸ್ಟ್‌ನ ಸಂಖ್ಯೆಗಳು ಹೊಸ ಜನರಿಂದ ಬರುತ್ತವೆ, ಹಿಂದಿನ ತಿಂಗಳ ಜೊತೆ ಹೋಲಿಸಿದರೆ ಅರ್ಥ ಇರುವುದಿಲ್ಲ.

ಮಿಕ್ಕ ಆಯ್ಕೆಗಳು

ಯೂಟ್ಯೂಬೇ ಆರಿಸುವ `Best for viewer` ಕೆಟ್ಟದ್ದೇನಲ್ಲ. ಒಂದೇ ಚಾನೆಲ್‌ನಲ್ಲಿ ಅಡುಗೆಯೂ ಇದೆ, ಪ್ರವಾಸವೂ ಇದೆ, ಮನೆ ಸುದ್ದಿಯೂ ಇದೆ ಅನ್ನುವವರಿಗೆ ಅದೇ ಸರಿ. ನನಗೆ ಅದರ ಮೇಲಿರುವ ಅಸಮಾಧಾನ ಬೇರೆ. ಒಬ್ಬೊಬ್ಬರಿಗೆ ಒಂದೊಂದು ವಿಡಿಯೊ ತೋರಿಸುವುದರಿಂದ, "ಈಗ ಇದನ್ನು ನೋಡಿ" ಅಂತ ಬಾಯಲ್ಲಿ ಹೇಳುವ ಹಾಗಿಲ್ಲ. ಕೊನೆಯಲ್ಲಿ ಮುಂದಿನ ವಿಡಿಯೊ ಬಗ್ಗೆ ಒಂದು ಮಾತು ಹೇಳುವ ಅಭ್ಯಾಸ ನಿಮಗಿದ್ದರೆ ಇದು ಹೊಂದುವುದಿಲ್ಲ. ಮಾತಾಡದೆ ಮುಗಿಸುವವರಾದರೆ ಇಟ್ಟು ನೋಡಿ.

ಹೊಸ ವಿಡಿಯೊ ತೋರಿಸುವ `Most recent upload` ಸುದ್ದಿ, ದಿನಚರಿ ಮಾಡುವವರಿಗೆ ಸರಿ. ಕಬ್ಬಿನವನಿಗೆ ಅಲ್ಲ. ಹುಳದ ವಿಡಿಯೊ ನೋಡಿದವನಿಗೆ ನಿನ್ನೆ ಹಾಕಿದ ಟ್ರ್ಯಾಕ್ಟರ್ ವಿಡಿಯೊ ತೋರಿಸಿ ಏನು ಮಾಡುವುದು?

ಮೇಷ್ಟ್ರ ಸೊಸೆ ಚಿಕ್ಕ ಮಕ್ಕಳ ಪದ್ಯದ ಚಾನೆಲ್ ಶುರು ಮಾಡಿದ್ದಾರೆ. ಅವರೂ ಈ ಲೆಕ್ಕ ಕೇಳಿಕೊಂಡು ಬಂದರು. ಅವರಿಗೆ ಆಯ್ಕೆಯೇ ಇಲ್ಲ. ಮಕ್ಕಳಿಗಾಗಿ ಮಾಡಿದ್ದು ಅಂತ ಗುರುತು ಹಾಕಿದ ವಿಡಿಯೊಗಳಿಗೆ ಎಂಡ್ ಸ್ಕ್ರೀನ್ ಸಿಗುವುದಿಲ್ಲ. ಆ ಗುರುತು ತೆಗೆದುಬಿಡಲಾ ಅಂತ ಕೇಳಿದರು. ಬೇಡ, ಮಕ್ಕಳ ವಿಡಿಯೊಗೆ ಆ ಗುರುತು ಹಾಕುವುದು ನಿಯಮ. ಅವರಿಗೆ ಉಳಿದದ್ದು ಪ್ಲೇಲಿಸ್ಟ್ ಒಂದೇ. ಹಾಗಾಗಿ ಅವರ ಪದ್ಯಗಳನ್ನು ಎಂಟೆಂಟರ ಪಟ್ಟಿ ಮಾಡಿ, ಹಂಚುವ ಪ್ರತಿ ಲಿಂಕಿಗೂ ಆ `&list=` ಸೇರಿಸಿ ಕೊಟ್ಟೆ.

ಮೇಷ್ಟ್ರ ಹತ್ತನೇ ಕಂತು ಮಾತ್ರ ಇನ್ನೂ ಬಗೆಹರಿದಿಲ್ಲ. ಸರಣಿ ಅಲ್ಲಿಗೆ ಮುಗಿಯುತ್ತದೆ, ಮುಂದಿನ ಕಂತು ಇಲ್ಲ, ಅದೇ ಪ್ಲೇಲಿಸ್ಟ್ ಇಟ್ಟರೆ ವಾಪಸ್ 1909ಕ್ಕೆ. ಸದ್ಯಕ್ಕೆ ಅವರ ದೇವರಾಜ ಮಾರುಕಟ್ಟೆಯ ಸರಣಿಯ ಪ್ಲೇಲಿಸ್ಟ್ ಎಡಕ್ಕೆ, ಅದೇ ಸರಣಿಯ ಹೆಚ್ಚು ಓಡಿದ ವಿಡಿಯೊ ಬಲಕ್ಕೆ ಇಟ್ಟಿದ್ದೇನೆ. 14 ದಿನ ಆಗಲು ಇನ್ನೂ ಐದು ದಿನ ಇದೆ, ಆಮೇಲೆ ಎಡಬಲ ಬದಲಿಸಬೇಕು.